ಹಂಚಿನ ಮನೆ ಅಟ್ಟಕ್ಕೆ ಗ್ಲಾಸ್ ವೂಲ್ ಹಾಸ್ತೀರಾ? ಸೂರಿನ ಕಡೆಯಿಂದ ಶುರು ಮಾಡಿ

ಚಿತ್ರದುರ್ಗದಲ್ಲಿ ನಮ್ಮ ದೊಡ್ಡಪ್ಪಂದು ಹಳೇ ಹಂಚಿನ ಮನೆ. ನಡುಮನೆಗೆ ಮರದ ಹಲಗೆ ಸೀಲಿಂಗ್, ಅದರ ಮೇಲೆ ಬಗ್ಗಿಕೊಂಡು ಓಡಾಡೋವಷ್ಟು ಅಟ್ಟ, ಅಟ್ಟದ ಮೇಲೆ ಮಂಗಳೂರು ಹಂಚು. ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನ 3 ಗಂಟೆಗೆ ಅಲ್ಲಿ ಫ್ಯಾನ್ ಹಾಕೋದೇ ಬೇಡ ಅನ್ಸುತ್ತೆ, ಸೀಲಿಂಗ್ ಹತ್ರ ನಿಂತಿರೋ ಬಿಸಿನೆಲ್ಲ ತಂದು ತಲೆ ಮೇಲೆ ಸುರಿಯುತ್ತೆ. ಅದಕ್ಕೆ ಅಟ್ಟದಲ್ಲಿ ಗ್ಲಾಸ್ ವೂಲ್, ಅಂದ್ರೆ ಬಿಸಿ ತಡೆಯೋಕೆ ಹಾಸೋ ಗಾಜಿನ ಎಳೆಯ ಉಣ್ಣೆ, ಹಾಸಿದ್ವಿ. ಒಂದ್ಸಲ ಅಲ್ಲ, ಎರಡು ಸಲ. ಮೊದಲನೇ ಸಲ ತಪ್ಪಾಯ್ತು, ಎರಡನೇ ಸಲ ಸರಿಯಾಯ್ತು, ತಪ್ಪಿದ್ದು ಎಲ್ಲಿ ಅಂದ್ರೆ ರೂಮಿನ ನಡುವೆ ಅಲ್ಲ, ಗೋಡೆ ಮೇಲಿನ ಕೊನೇ ಒಂದಡಿಲಿ, ಅಂದ್ರೆ ಸೂರಿನ ಹತ್ರ. ಅದಕ್ಕೆ ಇಲ್ಲಿ ಜಾಸ್ತಿ ಮಾತು ಆ ಒಂದಡಿ ಬಗ್ಗೆನೇ.

ಇದು ಯಾವ ಮನೆಗೆ ಅಂತ ಮೊದಲೇ ಹೇಳಿಬಿಡ್ತೀನಿ. ಆರ್‌ಸಿಸಿ ಮನೆಗೆ ಅಲ್ಲ. ಮಾಳಿಗೆ ಮನೆಗೂ ಅಲ್ಲ, ಅದರ ಮೇಲಿರೋ ಮಣ್ಣೇ ಸಾಕಷ್ಟು ಕೆಲಸ ಮಾಡುತ್ತೆ. ಹಂಚು ಅಥವಾ ಶೀಟ್ ಮಾಡು ಇದ್ದು, ಕೆಳಗೆ ಜಂತಿಗಳ ಅಡಿಗೆ ಹಲಗೆನೋ ಪ್ಲೈವುಡ್ಡೋ ಜಿಪ್ಸಮ್ ಬೋರ್ಡೋ ಹೊಡೆದಿರಬೇಕು, ಆಗ ಎರಡು ಜಂತಿ ನಡುವೆ ತೊಟ್ಟಿ ತರ ಒಂದು ಜಾಗ ಸಿಗುತ್ತೆ, ಅದರೊಳಗೆ ಹಾಸೋದು. ತುಂಬ ಹಳೇ ಮನೆಗಳಲ್ಲಿ ಹಲಗೆ ಜಂತಿ ಮೇಲಿರುತ್ತೆ, ಕೆಳಗಿಂದ ನೋಡಿದ್ರೆ ಜಂತಿ ಕಾಣುತ್ತೆ, ಅಂಥ ಕಡೆ ತೊಟ್ಟಿನೇ ಇರಲ್ಲ, ಹಲಗೆ ಮೇಲೆ ಚಾಪೆ ಹಾಸಿದಂಗೆ ಒಂದೇ ಸಮ ಹಾಸಬೇಕು. ಸೂರಿನ ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಒತ್ತಿದ್ರೆ ಏನಾಗುತ್ತೆ

ಬಿಸಿ ತಡೆಯೋದು ಗಾಜಿನ ಎಳೆ ಅಲ್ಲ, ಎಳೆಗಳ ನಡುವೆ ಅಲ್ಲಾಡದಂಗೆ ಸಿಕ್ಕಿಕೊಂಡಿರೋ ಗಾಳಿ. ದಾವಣಗೆರೆ ಮಂಡಕ್ಕಿ ಚೀಲ ನೆನೆಸ್ಕೊಳ್ಳಿ, ಚೀಲ ತುಂಬ ಇರೋದು ಮುಕ್ಕಾಲು ಗಾಳಿ, ಕಾಲಲ್ಲಿ ತುಳಿದ್ರೆ ಮಂಡಕ್ಕಿ ಅಷ್ಟೇ ಇರುತ್ತೆ ಆದ್ರೆ ಚೀಲ ಅರ್ಧ ಆಗುತ್ತೆ. ಗ್ಲಾಸ್ ವೂಲ್ ಒತ್ತಿದ್ರೂ ಹಂಗೇ, ಸಾಮಾನು ಅಷ್ಟೇ, ಗಾಳಿ ಹೋಯ್ತು.

ಬಿಸಿ ತಡೆಯೋ ಶಕ್ತಿಗೆ ಆರ್ ವ್ಯಾಲ್ಯೂ ಅಂತಾರೆ, ದಪ್ಪನ ಮೀಟರಲ್ಲಿ ತಗೊಂಡು ಆ ವಸ್ತುವಿನ ಬಿಸಿ ಸಾಗಿಸೋ ಅಂಕಿಯಿಂದ ಭಾಗಿಸಿದ್ರೆ ಆಯ್ತು. ಹಗುರ ಗ್ಲಾಸ್ ವೂಲ್‌ಗೆ ಆ ಅಂಕಿ ಸುಮಾರು 0.04. 100 ಮಿಲಿಮೀಟರ್ ದಪ್ಪ ಅಂದ್ರೆ 0.1 ಭಾಗಿಸು 0.04, ಅಂದ್ರೆ 2.5. ಅದನ್ನೇ 50 ಮಿಲಿಮೀಟರ್‌ಗೆ ಅದುಮಿದ್ರೆ ಸುಮಾರು 1.4ಕ್ಕೆ ಇಳಿಯುತ್ತೆ. ಸರಿಯಾಗಿ ಅರ್ಧ ಆಗಲ್ಲ, ಯಾಕಂದ್ರೆ ಒತ್ತಿದಾಗ ಸ್ವಲ್ಪ ಗಟ್ಟಿಯಾಗಿ ಇಂಚಿಗಿಷ್ಟು ಅಂತ ತಡೆಯೋದು ಚೂರು ಜಾಸ್ತಿ ಆಗುತ್ತೆ, ಆದ್ರೂ ದುಡ್ಡು ಕೊಟ್ಟಿದ್ದು 100ಕ್ಕೆ, ಸಿಕ್ಕಿದ್ದು 50ರ ಕೆಲಸ.

ಒತ್ತೋದಕ್ಕಿಂತ ಕೆಟ್ಟದ್ದು ಬರಿದು ಬಿಡೋದು. ಬರೀ ಹಲಗೆ ಸೀಲಿಂಗಿಂದ ಇಳಿಯೋ ಬಿಸಿ, 100 ಮಿಲಿಮೀಟರ್ ಹಾಸಿದ ಸೀಲಿಂಗಿಂದ ಇಳಿಯೋದಕ್ಕಿಂತ ಸುಮಾರು 6 ಪಟ್ಟು. ನಮ್ಮ ನಡುಮನೆ 20 ಅಡಿ ಉದ್ದ 12 ಅಡಿ ಅಗಲ, 240 ಚದರಡಿ. ಹಾಸಿದ ಮೇಲೆ ಚದರಡಿಗೆ 1 ಪಾಲು ಬಿಸಿ ಅಂತ ಇಟ್ಕೊಂಡ್ರೆ ಒಟ್ಟು 240 ಪಾಲು. ಈಗ ಎರಡೂ ಕಡೆ ಸೂರಿನ ಪಕ್ಕ ಒಂದೊಂದಡಿ ಕೈ ಹೋಗ್ಲಿಲ್ಲ ಅಂತ ಬಿಟ್ವಿ ಅನ್ನಿ, 40 ಚದರಡಿ ಬರಿದು. 200 ಚದರಡಿಗೆ 200 ಪಾಲು, 40 ಚದರಡಿಗೆ ಆರರಂತೆ 240 ಪಾಲು, ಒಟ್ಟು 440. ಆರನೇ ಒಂದು ಭಾಗ ಜಾಗ ಬಿಟ್ಟಿದ್ದಕ್ಕೆ ಬಿಸಿ ಹತ್ರ ಹತ್ರ ಎರಡು ಪಟ್ಟು. ಈ ಲೆಕ್ಕ ಒಂದ್ಸಲ ಮಾಡಿದ ಮೇಲೆ ಸೂರಿನ ಹತ್ರ ನುಗ್ಗೋಕೆ ನಂಗೆ ಬೇಜಾರಾಗ್ಲಿಲ್ಲ.

ಮೊದಲನೇ ಸಲ ನಾವು ಮಾಡಿದ್ದು

ಎಲ್ಲರೂ ಮಾಡೋ ತರನೇ ನಡುವಿಂದ ಶುರು ಮಾಡಿದ್ವಿ. ನಡುವೆ ಆರಾಮಾಗಿ ಕೂರಬಹುದಲ್ಲ, ಅಲ್ಲಿ ಚೆಂದ ಹಾಸ್ಕೊಂಡು ಗೋಡೆ ಕಡೆ ಸರಿದ್ವಿ, ಅಲ್ಲಿ ಮಾಡು ತಲೆಗೆ ತಾಗೋಕೆ ಶುರು, ಮಲಗಿ ಕೈ ಚಾಚಬೇಕು, ಉಳಿದಿದ್ದ ತುಂಡೆಲ್ಲ ತಂದು ಕೋಲಲ್ಲಿ ಸೂರಿನ ಸಂದಿಗೆ ತುರುಕಿದ್ವಿ. ನಮ್ಮ ಬಡಗಿ ಮೇಸ್ತ್ರಿಗೆ ಅದೇ ಸರಿ ಅನ್ಸಿತ್ತು. "ಗಟ್ಟಿಯಾಗಿ ತುಂಬ್ರಿ ಸಾರ್, ದುರ್ಗದ ಗಾಳಿ ಗೊತ್ತಲ್ಲ, ಒಂದು ಚೂರು ಸಂದಿ ಐತೆ ಅಂದ್ರೆ ಎತ್ಕಂಡ್ ಹೋಗ್ತತೆ" ಅಂದ. ಗಾಳಿ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ, ಸುತ್ತ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ.

ಆಗಸ್ಟ್‌ನಲ್ಲಿ ಅಟ್ಟ ಹತ್ತಿ ನೋಡಿದ್ರೆ ಪಶ್ಚಿಮದ ಕಡೆ ತುರುಕಿದ್ದೆಲ್ಲ ತೇವ. ಹಂಚು ಅಂದ್ಮೇಲೆ ಗಾಳಿಮಳೆಗೆ ಚೂರು ಎರಚಲು ಒಳಗೆ ಬಂದೇ ಬರುತ್ತೆ, ಮೊದಲೆಲ್ಲ ಸೂರಿಂದ ಆಡೋ ಗಾಳಿಗೆ ಅದು ಆರ್ತಿತ್ತು. ನಾವು ಹಂಚಿನ ಅಡಿಗೇ ತಾಗೋ ತರ ತುಂಬಿದ್ರಿಂದ ನೀರು ಎಳ್ಕೊಂಡು ಕೂತಿತ್ತು, ರೀಪು ಕಪ್ಪಾಗಿ ಬೂಸ್ಟು ಹಿಡಿಯೋಕೆ ಶುರುವಾಗಿತ್ತು. ಇನ್ನೊಂದು ಕಂಡಿದ್ದು, ಗೋಡೆಯಿಂದ ಎರಡಡಿ ತನಕ ಹಳದಿ ಉಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿ ಬಿಡಿಸಿದ್ರೆ ಒಳಗೆಲ್ಲ ಧೂಳು. ಅಂದ್ರೆ ಅಷ್ಟು ತುರುಕಿದ್ರೂ ಗಾಳಿ ಅದರೊಳಗಿಂದನೇ ನುಗ್ಗಿ ಹೋಗಿದೆ, ಉಣ್ಣೆ ಫಿಲ್ಟರ್ ತರ ಧೂಳು ಹಿಡ್ಕೊಂಡಿದೆ. ನಿಮ್ಮ ಅಟ್ಟದಲ್ಲಿ ಆಗ್ಲೇ ಉಣ್ಣೆ ಇದ್ರೆ ಮೊದಲು ಇದನ್ನೇ ನೋಡಿ, ಎಲ್ಲಿ ಬೂದು ಬಣ್ಣ ಇದೆಯೋ ಅಲ್ಲಿ ಗಾಳಿ ಓಡಾಡ್ತಿದೆ, ಗಾಳಿ ಓಡಾಡೋ ಕಡೆ ಉಣ್ಣೆ ಇದ್ದೂ ಇಲ್ಲದಂಗೆ.

ಇದರಿಂದ ಗೊತ್ತಾಗಿದ್ದು ಏನಪ್ಪ ಅಂದ್ರೆ ಸೂರಲ್ಲಿ ಎರಡು ಕೆಲಸ ಒಟ್ಟಿಗೆ ಆಗ್ಬೇಕು. ಹಂಚಿನ ಅಡಿಲಿ ಗಾಳಿ ಆಡೋಕೆ 2 ಇಂಚು ದಾರಿ ಬಿಡಬೇಕು, ಅದೇ ಗಾಳಿ ಉಣ್ಣೆ ಒಳಗೆ ನುಗ್ಗಬಾರ್ದು. ತುರುಕೋದ್ರಿಂದ ಎರಡೂ ಆಗಲ್ಲ. ನಡುವೆ ಒಂದು ತಡೆ ಹಲಗೆ ಬೇಕು.

ಹತ್ತೋಕೆ ಮುಂಚೆ

ದೀಪಾವಳಿಯಿಂದ ಸಂಕ್ರಾಂತಿ ತನಕ ಒಳ್ಳೇ ಟೈಮು. ಮಳೆ ನಿಂತಿರುತ್ತೆ, ಬಿಸಿಲು ಏರಿರಲ್ಲ. ಬೆಳಗ್ಗೆ 6ಕ್ಕೆ ಹತ್ತಿ 10ಕ್ಕೆ ಇಳಿದುಬಿಡಿ. ಏಪ್ರಿಲ್ ಮಧ್ಯಾಹ್ನ ಹಂಚಿನ ಅಡಿಲಿ ಮಲಗಿ ಕೆಲಸ ಮಾಡ್ತೀನಿ ಅನ್ನೋದು ಹುಚ್ಚು. ತುಂಬುತೋಳಿನ ಅಂಗಿ, ಕೈಗ್ಲೌಸು, ಕನ್ನಡಕ, ಎನ್95 ಮಾಸ್ಕ್ ಬೇಕೇ ಬೇಕು, ಕರ್ಚೀಫ್ ಕಟ್ಟಿಕೊಂಡ್ರೆ ಆಗಲ್ಲ, ಗಾಜಿನ ಎಳೆ ಜೊತೆ ಬಾವಲಿ ಹಿಕ್ಕೆ ಧೂಳೂ ಇರುತ್ತೆ. ಇನ್ನೊಂದು, ಹಲಗೆ ಮೇಲೆ ಕಾಲಿಡಬೇಡಿ, ಹಲಗೆ ಮೊಳೆ ಮೇಲೆ ನೇತಾಡ್ತಿರುತ್ತೆ. ಮೂರು ಜಂತಿ ಮೇಲೆ ಕೂರೋವಷ್ಟು ಉದ್ದದ ದಪ್ಪ ಪ್ಲೈವುಡ್ ತುಂಡು ಎರಡು ಇಟ್ಕೊಂಡು ಒಂದರಿಂದ ಒಂದಕ್ಕೆ ಸರೀತಾ ಹೋಗಿ.

ಉಣ್ಣೆ ತರೋ ಮುಂಚೆ ಒಡೆದ ಹಂಚು ಬದಲಾಯಿಸಿ. ಹಳೇ ವೈರಿಂಗ್ ಇದ್ರೆ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ, ಇಷ್ಟು ದಿನ ಬಯಲಲ್ಲಿ ತಣ್ಣಗಿದ್ದ ವೈರು ಉಣ್ಣೆ ಅಡಿ ಸೇರಿದ್ರೆ ಕಾವು ಏರುತ್ತೆ, ರಬ್ಬರ್ ಪುಡಿಪುಡಿ ಆಗಿರೋ ವೈರನ್ನ ಮುಚ್ಚಲೇಬಾರ್ದು. ಸೀಲಿಂಗ್ ಒಳಗೆ ಹುದುಗಿಸಿರೋ ಲೈಟಿದ್ರೆ ಅದರ ಸುತ್ತ 3 ಇಂಚು ಬಿಟ್ಟು ಸಿಮೆಂಟ್ ಬೋರ್ಡಲ್ಲಿ ಒಂದು ಡಬ್ಬ ತರ ಕಟ್ಟಿ. ಫ್ಯಾನ್ ಕೊಕ್ಕೆ ತೂತು, ವೈರು ಇಳಿಸಿರೋ ತೂತು ಇವನ್ನೆಲ್ಲ ಸಿಲಿಕೋನಲ್ಲಿ ಮುಚ್ಚಿ. ಹಲಗೆ ಹಲಗೆ ನಡುವೆ ಸಂದಿ ಬಿಟ್ಟಿದ್ರೆ ಆಮೇಲೆ ಎಳೆ ಉದುರಿ ಊಟದ ತಟ್ಟೆಗೆ ಬೀಳುತ್ತೆ, ಅದನ್ನೂ ಈಗ್ಲೇ ಮುಚ್ಚಬೇಕು. ಪ್ಲಾಸ್ಟಿಕ್ ಶೀಟ್ ಹಾಸಿಬಿಡಣ ಅಂತ ನಮ್ಮ ದೊಡ್ಡಪ್ಪ ಅಂದ್ರು, ನಾನು ಬೇಡ ಅಂದೆ, ಮೇಲಿಂದ ಒಂದು ಹನಿ ನೀರು ಬಿದ್ರೂ ಅದರ ಮೇಲೆ ನಿಂತು ಉಣ್ಣೆ ನೆನೆಸುತ್ತೆ.

ಅಳತೆ ಮತ್ತು ಸಾಮಾನು

ನಮ್ಮ ನಡುಮನೆಗೆ 10 ಜಂತಿ, ಒಂದೊಂದು 3 ಇಂಚು ಅಗಲ 4 ಇಂಚು ಎತ್ತರ. 240 ಇಂಚಲ್ಲಿ ಜಂತಿಗಳದ್ದೇ 30 ಇಂಚು ಹೋಯ್ತು, ಉಳಿದ 210 ಇಂಚು 11 ತೊಟ್ಟಿಗೆ, ಸರಾಸರಿ 19 ಇಂಚು. ಸರಾಸರಿ ನಂಬಿ ಕತ್ತರಿಸ್ಬೇಡಿ. ಹಳೇ ಕಾಲದ ಬಡಗಿ ಕಣ್ಣಳತೆಲಿ ಕೂರಿಸಿರ್ತಾನೆ, ನಮ್ಮಲ್ಲಿ ಒಂದು ಹದಿನೇಳೂವರೆ ಇಂಚಿದ್ರೆ ಇನ್ನೊಂದು ಇಪ್ಪತ್ತೂವರೆ, ಒಂದು ತೊಟ್ಟಿ ಅಂತೂ ಒಂದು ತುದಿಲಿ 18 ಇನ್ನೊಂದು ತುದಿಲಿ 19. ಪ್ರತಿ ತೊಟ್ಟಿಗೆ ಎರಡು ತುದಿ, ಒಂದು ನಡು, ಮೂರು ಕಡೆ ಅಳೆದು ಜಂತಿ ಮೇಲೇ ಸೀಮೆಸುಣ್ಣದಲ್ಲಿ ಬರೀರಿ. ಕತ್ತರಿಸೋದು ಅಳತೆಗಿಂತ ಅರ್ಧ ಇಂಚು ಜಾಸ್ತಿ, ಆಗ ಜಂತಿಗೆ ಎರಡೂ ಕಡೆ ಮೆತ್ತಗೆ ಒರಗಿ ಕೂರುತ್ತೆ. ಅರ್ಧ ಇಂಚು ಸಾಕು, ಎರಡು ಇಂಚು ಬಿಟ್ರೆ ನಡುವೆ ಕಮಾನು ತರ ಉಬ್ಬಿ ಅಡಿಲಿ ಟೊಳ್ಳು ಬೀಳುತ್ತೆ.

ರೋಲು ಸಾಮಾನ್ಯವಾಗಿ 1.2 ಮೀಟರ್ ಅಗಲ ಬರುತ್ತೆ, ಅಂದ್ರೆ 47 ಇಂಚು, ನಮ್ಮ ಅಳತೆಗೆ ಎರಡು ಪಟ್ಟಿ ಕರೆಕ್ಟಾಗಿ ಸಿಗುತ್ತೆ, ಉಳಿಯೋ ಏಳೆಂಟು ಇಂಚಿನ ಪಟ್ಟಿನ ಬಿಸಾಕಬೇಡಿ. ಒಂದು ಉಪಾಯ ಇದೆ, ಪ್ಯಾಕ್ ಬಿಚ್ಚೋ ಮುಂಚೆನೇ ರೋಲನ್ನ ಕವರ್ ಸಮೇತ ಮರದ ಗರಗಸದಲ್ಲಿ ಕುಯ್ದುಬಿಡಿ, ಬಾಳೆದಿಂಡು ಕುಯ್ದಂಗೆ, ಒಂದೇ ಏಟಿಗೆ ಪೂರ್ತಿ ಉದ್ದ ಪಟ್ಟಿ ಆಗುತ್ತೆ. ಬಿಚ್ಚಿದ ಮೇಲೆ ಅದು ಉಬ್ಬಿಕೊಂಡು ಹರವಿದ್ರೆ ಕತ್ತರಿಸೋದು ಕಷ್ಟ. ಬಿಚ್ಚಿದ ಪಟ್ಟಿನ ಸ್ವಲ್ಪ ಹೊತ್ತು ಹಂಗೇ ಬಿಟ್ಟು, ಕೊಡವಿ, ಪ್ಯಾಕ್ ಮೇಲೆ ಬರೆದಿರೋ ದಪ್ಪಕ್ಕೆ ಏರಿದೆಯಾ ಅಂತ ಅಳೆದು ನೋಡಿ.

ಎರಡು ದಪ್ಪ ತಂದ್ವಿ. ಜಂತಿ 4 ಇಂಚು ಎತ್ತರ, ಅದಕ್ಕೆ ತೊಟ್ಟಿ ಒಳಗೆ 100 ಮಿಲಿಮೀಟರ್. ಅದರ ಮೇಲೆ ಜಂತಿಗಳಿಗೆ ಅಡ್ಡಲಾಗಿ 50 ಮಿಲಿಮೀಟರ್‌ದು ಇನ್ನೊಂದು ಪದರ, ಯಾಕಂದ್ರೆ ಮರವೂ ಬಿಸಿ ಸಾಗಿಸುತ್ತೆ, ಗ್ಲಾಸ್ ವೂಲ್‌ದರ ಮೂರರಷ್ಟಕ್ಕಿಂತ ಜಾಸ್ತಿನೇ, ಜಂತಿ ನೆತ್ತಿ ಬಯಲಾಗಿದ್ರೆ ಸೀಲಿಂಗಲ್ಲಿ ಹತ್ತು ಬಿಸಿ ಗೆರೆ ಮೂಡುತ್ತೆ. ತೊಟ್ಟಿ ಪದರಕ್ಕೆ ಒಂದೊಂದು ಪಟ್ಟಿ ಹದಿಮೂರೂವರೆ ಅಡಿ, ಅಂದ್ರೆ ರೂಮಿನ 12 ಅಡಿ ಜೊತೆ ಎರಡೂ ಕಡೆ 9 ಇಂಚಿನ ಗೋಡೆ ಮೇಲಿನದ್ದೂ ಸೇರಿ. 11 ಪಟ್ಟಿಗೆ ಸುಮಾರು 149 ಅಡಿ, ರೋಲಲ್ಲಿ ಜೋಡಿ ಪಟ್ಟಿ ಸಿಗೋದ್ರಿಂದ 75 ಅಡಿ, ಮೀಟರ್ ಲೆಕ್ಕದಲ್ಲಿ 23. ಕತ್ತರಿಸೋ ನಷ್ಟ ಸೇರಿಸಿ 25 ಮೀಟರ್ ತಂದ್ವಿ. ಸಾದಾ ಉಣ್ಣೆ, ಒಂದು ಕಡೆ ಅಲ್ಯುಮಿನಿಯಂ ಹಾಳೆ ಅಂಟಿಸಿರೋದು ಅಲ್ಲ. ಆ ಹಾಳೆ ಎದುರಿಗೆ ಖಾಲಿ ಜಾಗ ಇದ್ರೆ ಮಾತ್ರ ಬಿಸಿ ವಾಪಸ್ ಕಳಿಸುತ್ತೆ, ಹಲಗೆಗೆ ಅಂಟಿಸಿ ಹಾಸಿದ್ರೆ ಅದಕ್ಕೆ ಕೆಲಸ ಇಲ್ಲ, ಮೇಲ್ಮುಖ ಮಾಡಿದ್ರೆ ಧೂಳು ಕೂತು ಮಂಕಾಗುತ್ತೆ.

ಸೂರಿನ ಹತ್ರ: ಮೊದಲು ಅಳತೆ ಕೋಲು

ಸೂರಲ್ಲಿ ಎಷ್ಟು ಜಾಗ ಇದೆ ಅನ್ನೋದನ್ನ ಅಂದಾಜು ಮಾಡ್ಬೇಡಿ. ಒಂದು ರೀಪು ತುಂಡಿಗೆ ಇಂಚು ಗುರುತು ಹಾಕ್ಕೊಂಡು ಗೋಡೆ ಹೊರ ಅಂಚಲ್ಲಿ ನಿಲ್ಲಿಸಿ, ಗೋಡೆ ತಲೆಯಿಂದ ಹಂಚಿನ ರೀಪಿನ ಅಡಿ ತನಕ ಎಷ್ಟು ಅಂತ ನೋಡಿ. ನಮ್ಮಲ್ಲಿ 2 ಇಂಚು. ಅಂದ್ರೆ ಆ ಅಂಚಲ್ಲಿ ಗಾಳಿ ದಾರಿಗೇ ಅದು ಸರಿಹೋಯ್ತು, ಉಣ್ಣೆಗೆ ಸೊನ್ನೆ. ಮಾಡಿನ ಇಳಿಜಾರು 30 ಡಿಗ್ರಿ, ಹೊರಗಿಂದ ಒಳಗೆ 7 ಇಂಚು ಸರಿದ್ರೆ ಎತ್ತರ 4 ಇಂಚು ಏರುತ್ತೆ. ಹಂಗಾಗಿ ಗೋಡೆ ಅಂಚಿಂದ 7 ಇಂಚು ಒಳಗೆ ಬಂದ್ರೆ 6 ಇಂಚು ಎತ್ತರ ಸಿಕ್ತು, 2 ಇಂಚು ಗಾಳಿಗೆ, 4 ಇಂಚು ಮೊದಲ ಪದರಕ್ಕೆ. ನೋಡಿ, ಗೋಡೆ ಇರೋದು 9 ಇಂಚು. ಅಂದ್ರೆ 100 ಮಿಲಿಮೀಟರ್ ಉಣ್ಣೆ ರೂಮಿನ ಮೇಲೆ ಎಲ್ಲೂ ಒತ್ತಬೇಕಾಗೇ ಇಲ್ಲ, ಗೋಡೆ ಮೇಲಿರೋ ಆ ಕೊನೇ 7 ಇಂಚು ಮಾತ್ರ ಇಳಿಜಾರಾಗಿ ಕತ್ತರಿಸಿದ್ರೆ ಸಾಕು. ನಾವು ಮೊದಲ ಸಲ ಈ ಕೋಲು ಇಟ್ಟು ನೋಡಿದ್ರೆ ತುರುಕೋ ಪ್ರಮೇಯನೇ ಬರ್ತಿರ್ಲಿಲ್ಲ.

ಎರಡನೇ ಪದರ ಸೇರಿದ್ರೆ ಒಟ್ಟು 6 ಇಂಚು ಉಣ್ಣೆ, 2 ಇಂಚು ಗಾಳಿ, 8 ಇಂಚು ಎತ್ತರ ಬೇಕು. ಅದು ಸಿಗೋದು ಹೊರ ಅಂಚಿಂದ ಹತ್ತೂವರೆ ಇಂಚು ಒಳಗೆ, ಅಂದ್ರೆ ಗೋಡೆ ದಾಟಿ ರೂಮಿನ ಮೇಲೆ ಒಂದೂವರೆ ಇಂಚು. ಎರಡನೇ ಪದರನ ಅಲ್ಲೇ ನಿಲ್ಲಿಸಿಬಿಡಿ, ಆ ಒಂದೂವರೆ ಇಂಚಿಗೆ 100 ಮಿಲಿಮೀಟರ್ ಪೂರ್ತಿ ಇದ್ದೇ ಇದೆ. ಆಶೆಗೆ ಬಿದ್ದು ಮುಂದಕ್ಕೆ ತಳ್ಳಿದ್ರೆ ಎರಡೂ ಪದರ ಅದುಮಿಕೊಳ್ಳುತ್ತೆ.

ಶೀಟ್ ಮಾಡಿನವರು ಇಲ್ಲಿ ಸ್ವಲ್ಪ ಹುಷಾರು. ಶೀಟಿಗೆ ಇಳಿಜಾರು ಕಡಿಮೆ, 10 ಡಿಗ್ರಿ ಇಟ್ಟಿದ್ರೆ 2 ಇಂಚು ಎತ್ತರ ಏರೋಕೆ 11 ಇಂಚು ಒಳಗೆ ಬರ್ಬೇಕು. ಗೋಡೆ ಮೇಲೆ ಮುಗಿಯಲ್ಲ, ರೂಮಿನ ಮೇಲೂ ಇಕ್ಕಟ್ಟೇ. ಅಂಥ ಕಡೆ ದಪ್ಪ ಹಗುರ ಉಣ್ಣೆನ ಒತ್ತಿ ತೂರಿಸೋ ಬದಲು, ಆ ಪಟ್ಟಿಗೆ ಮಾತ್ರ 50 ಮಿಲಿಮೀಟರ್‌ನ ಗಟ್ಟಿ ರಾಕ್ ವೂಲ್, ಅಂದ್ರೆ ಕಲ್ಲಿನ ಎಳೆಯ ಉಣ್ಣೆ, ಅದರ ಸ್ಲ್ಯಾಬ್ ಹಾಕಿ, ಘನ ಮೀಟರಿಗೆ 48 ಕಿಲೋ ಬರುತ್ತಲ್ಲ ಅದು. ಆರ್ ವ್ಯಾಲ್ಯೂ ಒತ್ತಿದ ಉಣ್ಣೆಯಷ್ಟೇ ಬರುತ್ತೆ, ಆದ್ರೆ ಆಕಾರ ನಿಲ್ಲುತ್ತೆ, ಉಬ್ಬಿ ಗಾಳಿ ದಾರಿ ಮುಚ್ಚಲ್ಲ, ದುಡ್ಡೂ ಅರ್ಧ ದಪ್ಪಕ್ಕೆ ಮಾತ್ರ.

ತಡೆ ಹಲಗೆ

ಇದು ಉಣ್ಣೆಗಿಂತ ಮುಂಚೆ ಆಗ್ಬೇಕಾದ ಕೆಲಸ. 6 ಮಿಲಿಮೀಟರ್ ಸಿಮೆಂಟ್ ಬೋರ್ಡ್ ತಗೊಂಡ್ವಿ, ಗೆದ್ದಲು ಹಿಡಿಯಲ್ಲ ಅಂತ. ಎರಡು ರಾಫ್ಟರ್ ನಡುವೆ ಎಷ್ಟು ಅಗಲ ಇದೆಯೋ ಅಷ್ಟಗಲ, ಉದ್ದ 18 ಇಂಚು. ರಾಫ್ಟರ್‌ಗಳ ಒಳ ಮಗ್ಗುಲಿಗೆ, ರೀಪಿನ ಅಡಿಯಿಂದ ಸರಿಯಾಗಿ 2 ಇಂಚು ಕೆಳಗೆ, ಮಾಡಿನ ಇಳಿಜಾರಿಗೆ ಸಮನಾಗಿ ಸಣ್ಣ ಮರದ ಪಟ್ಟಿ ಹೊಡೆದು ಅದಕ್ಕೆ ಬೋರ್ಡನ್ನ ಸ್ಕ್ರೂ ಮಾಡಿದ್ವಿ. ಕೆಳ ತುದಿ ಗೋಡೆ ಹೊರ ಅಂಚಿಗೆ ಕೂರುತ್ತೆ, ಅಲ್ಲಿ ಗಾರೆಲಿ ಒಂದು ಎಳೆ ಎಳೆದು ಸಂದಿ ಮುಚ್ಚಿದ್ವಿ, ಪಕ್ಕದ ಸಂದಿಗೆ ಸಿಲಿಕೋನ್. ಮೇಲಿನ ತುದಿ ಉಣ್ಣೆ ತಲೆಗಿಂತ ಮೂರು ನಾಲ್ಕು ಇಂಚು ಮುಂದೆ ಹೋಗಿರಬೇಕು, ಅದಕ್ಕೇ 18 ಇಂಚು. ಈಗ ಸೂರಿಂದ ಬಂದ ಗಾಳಿ ಬೋರ್ಡ್ ಮೇಲೆ, ಹಂಚಿನ ಅಡಿಲಿ ಹತ್ತಿ ಅಟ್ಟದ ನೆತ್ತಿ ಕಡೆ ಹೋಗುತ್ತೆ, ಉಣ್ಣೆ ಬೋರ್ಡ್ ಅಡಿಲಿ ಬೆಚ್ಚಗೆ ಕೂರುತ್ತೆ. ಸೂರಿನ ಬಾಯಿಗೆ ಹೊರಗಿಂದ ಸಣ್ಣ ಕಣ್ಣಿನ ಜಾಲರಿ ಹೊಡೀರಿ, ಇಲ್ಲಾಂದ್ರೆ ಇಲಿ ಗುಬ್ಬಿ ಎಲ್ಲಕ್ಕೂ ಇದಕ್ಕಿಂತ ಒಳ್ಳೇ ಹಾಸಿಗೆ ಸಿಗಲ್ಲ.

ಎರಡು ಕಡೆ ಸೂರಿಗೆ ಈ ಬೋರ್ಡ್ ಕೆಲಸಕ್ಕೇ ನಮಗೆ ಎರಡು ಬೆಳಗ್ಗೆ ಹಿಡೀತು. ಉಣ್ಣೆ ಹಾಸಿದ್ದು ಒಂದೇ ಬೆಳಗ್ಗೆ.

ಹಾಸೋದು

ಪಟ್ಟಿನ ಒಂದೇ ಉದ್ದಕ್ಕೆ ಹಾಸೋದು ಬೇಡ. ಹದಿಮೂರೂವರೆ ಅಡಿನ ಎರಡು ತುಂಡು ಮಾಡಿ, ಒಂದೊಂದು ಆರೂಮುಕ್ಕಾಲು ಅಡಿಗಿಂತ ಅರ್ಧ ಇಂಚು ಉದ್ದ. ಒಂದು ತುದಿನ ಇಳಿಜಾರು ಕತ್ತರಿಸಬೇಕು. ತುದಿಯಿಂದ 7 ಇಂಚು ಒಳಗೆ ಮೇಲ್ಭಾಗದಲ್ಲಿ ಗುರುತು ಹಾಕಿ, ಅಲ್ಲಿಂದ ಕೆಳ ತುದಿಯ ಅಂಚಿಗೆ ಓರೆಯಾಗಿ ಉದ್ದ ಚಾಕು ಎಳೀರಿ, ಒಂದು ಹಲಗೆ ಒತ್ತಿ ಹಿಡಿದ್ರೆ ನೇರ ಬರುತ್ತೆ. ಬ್ರೆಡ್ ಕತ್ತರಿಸೋ ಹಲ್ಲಿನ ಚಾಕು ಇದಕ್ಕೆ ಚೆನ್ನಾಗಿ ಓಡುತ್ತೆ, ಅಡುಗೆಮನೆಗೆ ವಾಪಸ್ ಕೊಡೋ ಆಸೆ ಮಾತ್ರ ಬಿಡಿ.

ಆ ಓರೆ ತುದಿನ ತಡೆ ಹಲಗೆ ಅಡಿಗೆ ಸರಿಸಿ. ಕೋಲಲ್ಲಿ ಚುಚ್ಚಿ ತಳ್ಳಿದ್ರೆ ಮುಂದಿನ ತುದಿ ಮಡಚಿಕೊಳ್ಳುತ್ತೆ, ಮೇಲಿಂದ ನೋಡಿದ್ರೆ ತುಂಬಿದಂಗೆ ಕಾಣುತ್ತೆ, ಒಳಗೆ ಅರ್ಧ ಅಡಿ ಖಾಲಿ. ನಾವು ಒಂದು ಅಡಿ ಅಗಲದ ತೆಳು ಪ್ಲೈವುಡ್ ತುಂಡನ್ನ ಉಣ್ಣೆ ಅಡಿಗೆ ಸೌಟಿನ ತರ ಇಟ್ಟು, ಅದರ ಮೇಲೆ ಉಣ್ಣೆ ಹೊತ್ತು ಒಳಗೆ ತೂರಿಸಿ, ತುದಿನ ಒಂದು ಕೈಯಲ್ಲಿ ತಡೆದು ಪ್ಲೈವುಡ್ ಮಾತ್ರ ಹಿಂದಕ್ಕೆ ಎಳೆದ್ವಿ. ರೊಟ್ಟಿ ಹಂಚಿನ ಮೇಲೆ ಬಿಡ್ತಾರಲ್ಲ ಹಂಗೆ. ಆಮೇಲೆ ಗೋಡೆ ಕಡೆಯಿಂದ ನಡುವಿಗೆ ಅಂಗೈಯಲ್ಲಿ ನೀವುತ್ತಾ ಬನ್ನಿ, ಒತ್ತೋದಲ್ಲ, ನೀವೋದು. ಹಲಗೆಗೆ ಪೂರ್ತಿ ತಾಗಿ ಕೂತಿರಬೇಕು, ಯಾಕಂದ್ರೆ ಉಣ್ಣೆ ಅಡಿಲಿ ಟೊಳ್ಳಿದ್ದು ಅದು ಸೂರಿನ ಗಾಳಿಗೆ ಸೇರಿಕೊಂಡ್ರೆ ಮೇಲೆ ಎಷ್ಟೇ ದಪ್ಪ ಹಾಸಿದ್ರೂ ಬಿಸಿ ಅಡಿಯಿಂದ ನುಗ್ಗುತ್ತೆ.

ಆ ಕಡೆ ಸೂರಿಂದ ಇನ್ನೊಂದು ತುಂಡು ಇದೇ ತರ. ಎರಡೂ ನಡುವೆ ಸೇರುತ್ತೆ, ಅಲ್ಲಿ ಆರಾಮಾಗಿ ಕೂತು ಜಾಯಿಂಟ್ ಹೊಂದಿಸಬಹುದು. ಹೆಚ್ಚು ಕಡಿಮೆ ಆದ್ರೂ ಕಣ್ಣೆದುರೇ ಇರುತ್ತೆ, ಸೂರಿನ ಕತ್ತಲಲ್ಲಿ ಅಲ್ಲ. ಸೂರಿಂದ ಶುರು ಮಾಡಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ವೈರು ಅಡ್ಡ ಬಂದ್ರೆ ಉಣ್ಣೆನ ವೈರ್ ಮೇಲೆ ಹೊದಿಸಬೇಡಿ, ಎರಡೂ ಪಕ್ಕ ಡೇರೆ ತರ ಎದ್ದು ನಿಲ್ಲುತ್ತೆ. ಉಣ್ಣೆ ದಪ್ಪದ ನಡುವೆ ಪದರ ಬಿಡಿಸಿ, ಅರ್ಧ ವೈರ್ ಅಡಿಗೆ, ಅರ್ಧ ಮೇಲೆ. ವೈರಲ್ಲಿ ಸಡಿಲ ಇದ್ರೆ ಉಣ್ಣೆ ಮೇಲೆ ಎತ್ತಿ ಹಾಕೋದು ಇನ್ನೂ ಒಳ್ಳೇದು.

ಎರಡನೇ ಪದರ ನಮಗೆ ಅದೃಷ್ಟಕ್ಕೆ ಕತ್ತರಿಸದೇ ಸರಿಹೋಯ್ತು. 12 ಅಡಿಲಿ ಎರಡೂ ಕಡೆ ಒಂದೂವರೆ ಇಂಚು ಬಿಟ್ರೆ 141 ಇಂಚು, ಮೂರು ರೋಲಿನ ಅಗಲ 3.6 ಮೀಟರ್, ಅಂದ್ರೆ ಹತ್ರ ಹತ್ರ 142 ಇಂಚು. ರೂಮುದ್ದ 20 ಅಡಿಯ ಮೂರು ಹಾಸು, ಒಂದಕ್ಕೊಂದು ಅಂಟಿಸಿ. ಹಾಸೋ ಮುಂಚೆ ಒಂದು ಕೆಲಸ ಮರೀಬೇಡಿ, ಇದು ಮುಚ್ಚಿದ ಮೇಲೆ ಜಂತಿ ಎಲ್ಲಿದೆ ಅಂತ ಕಾಣಲ್ಲ. ಅಟ್ಟದ ಬಾಯಿಂದ ನಡುವಿನ ತನಕ ಜಂತಿ ಮೇಲೆ 2 ಇಂಚಿನ ಮರದ ತುಂಡು ಹೊಡೆದು ಅದರ ಮೇಲೆ ಓಡಾಡೋ ಹಲಗೆ ಹಾಕಿ, ಉಣ್ಣೆ ಹಲಗೆ ಅಡಿಲಿ ಸರಾಗವಾಗಿ ಹೋಗಬೇಕು. ನಮ್ಮ ದೊಡ್ಡಮ್ಮ ಹಿತ್ತಾಳೆ ಹಂಡೆ, ಹಳೇ ಟ್ರಂಕು ಎಲ್ಲ ಅಟ್ಟದಲ್ಲೇ ಇಡೋರು, ಆ ಹಲಗೆ ಮೇಲೆ ಎಷ್ಟು ಹಿಡಿಯುತ್ತೋ ಅಷ್ಟೇ ಇಡಿ ದೊಡ್ಡಮ್ಮ, ಉಣ್ಣೆ ಮೇಲೆ ಬೇಡ ಅಂದೆ. "ಹಂಗಾದ್ರೆ ಹಂಡೆ ನಿಮ್ಮನೆಗೆ ತಗಂಡ್ ಹೋಗು" ಅಂದ್ರು. ಹಂಡೆ ಈಗ ನಮ್ಮನೇಲಿದೆ.

ಉದುರು ಸಾಮಾನು ಹಾಕೋದಾದ್ರೆ

ಮೂಟೆಲಿ ಬರೋ ಉದುರು ರಾಕ್ ವೂಲ್ ಅಡ್ಡಾದಿಡ್ಡಿ ಜಂತಿ ಇರೋ ಕಡೆ, ಕೊಕ್ಕೆ ಡಬ್ಬ ಸುತ್ತ, ಮೂಲೆ ಮುಡುಕಲ್ಲಿ ಪಟ್ಟಿಗಿಂತ ಚೆನ್ನಾಗಿ ಕೂರುತ್ತೆ. ಕೈಯಲ್ಲಿ ಹಿಂಜಿ, ಹತ್ತಿ ಬಿಡಿಸಿದಂಗೆ ಹಗುರ ಮಾಡಿ ಉದುರಿಸಬೇಕು, ಗಂಟು ಗಂಟಾಗಿ ಹಾಕಿ ತಟ್ಟಿದ್ರೆ ಮತ್ತೆ ಅದೇ ತುಳಿದ ಮಂಡಕ್ಕಿ ಕಥೆ. ಜಂತಿಗಳಿಗೆ ಅಲ್ಲಲ್ಲಿ 6 ಇಂಚು ಗುರುತಿನ ಕಡ್ಡಿ ಹೊಡೆದು ಅದಕ್ಕಿಂತ ಅರ್ಧ ಮುಕ್ಕಾಲು ಇಂಚು ಮೇಲೆ ತುಂಬಿ, ಒಂದೆರಡು ವರ್ಷದಲ್ಲಿ ತಾನೇ ಚೂರು ಇಳಿಯುತ್ತೆ. ತಡೆ ಹಲಗೆ ಇಲ್ಲದೆ ಉದುರು ಸಾಮಾನು ಹಾಕಲೇಬೇಡಿ, ಆಷಾಢದ ಗಾಳಿಗೆ ಸೂರಿನ ಪಕ್ಕದ್ದೆಲ್ಲ ಗುಡಿಸಿ ನಡುವೆ ಗುಡ್ಡೆ ಹಾಕಿರುತ್ತೆ, ಬೇಕಾದ ಕಡೆಯೇ ಬರಿದು.

ದಾವಣಗೆರೆ ಕಡೆಯವರು ಕೇಳೇ ಕೇಳ್ತಾರೆ, ಮಿಲ್ಲಿಂದ ಭತ್ತದ ಹೊಟ್ಟು ತಂದು ಸುರಿದ್ರೆ ಆಗಲ್ವಾ ಅಂತ. ಬಿಸಿ ತಡೆಯೋ ವಿಷಯದಲ್ಲಿ ಹೊಟ್ಟು ಕಳಪೆ ಅಲ್ಲ, ಗ್ಲಾಸ್ ವೂಲ್‌ಗಿಂತ ಸ್ವಲ್ಪ ಹಿಂದೆ ಅಷ್ಟೇ. ಆದ್ರೆ ಅದರಲ್ಲಿ ಅಲ್ಲೊಂದು ಇಲ್ಲೊಂದು ನುಚ್ಚು ಇರುತ್ತೆ, ಇಲಿ ಬರುತ್ತೆ. ಬೆಂಕಿ ತಾಗಿದ್ರೆ ಧಗ್ ಅನ್ನಲ್ಲ, ಒಳಗೊಳಗೇ ಕನಲುತ್ತೆ, ಹಳೇ ವೈರಿರೋ ಅಟ್ಟದಲ್ಲಿ ಅದು ಇನ್ನೂ ಅಪಾಯ. ನಾನಂತೂ ಹಾಕಲ್ಲ.

ಸರಿಯಾಗಿದೆಯಾ ಅಂತ ನೋಡೋದು

ಅಟ್ಟದಲ್ಲಿ ಮೊದಲು ಬೆಳಕಿನ ಪರೀಕ್ಷೆ. ಹಗಲು ಲೈಟ್ ಆರಿಸಿ ಸೂರಿನ ಕಡೆ ನೋಡಿ, ಹಂಚಿನ ಅಡಿಲಿ, ತಡೆ ಹಲಗೆ ಮೇಲೆ ಬೆಳಕಿನ ಗೆರೆ ಕಾಣಬೇಕು. ಕಾಣದಿದ್ರೆ ಗಾಳಿ ದಾರಿ ಮುಚ್ಚಿದೆ. ಹಲಗೆ ಅಡಿಲಿ ಬೆಳಕು ಕಂಡ್ರೆ ಅಲ್ಲಿ ಗಾಳಿ ಉಣ್ಣೆಗೆ ನುಗ್ಗುತ್ತೆ.

ಆಮೇಲೆ ಏಪ್ರಿಲ್ ತನಕ ಕಾಯಿರಿ. ಮಧ್ಯಾಹ್ನ 3ಕ್ಕೆ ಪಿಸ್ತೂಲ್ ತರ ಇರೋ ಐಆರ್ ಥರ್ಮಾಮೀಟರ್ ಹಿಡಿದು ಸೀಲಿಂಗ್ ಉದ್ದಕ್ಕೂ ನಡುವಿಂದ ಗೋಡೆ ತನಕ ಅರ್ಧ ಅರ್ಧ ಅಡಿಗೆ ನೋಡ್ತಾ ಹೋಗಿ. ಮೊದಲನೇ ಸಲ ತುರುಕಿದ್ವಲ್ಲ, ಆಗ ನಮ್ಮಲ್ಲಿ ನಡುವೆ 35 ಡಿಗ್ರಿ, ಪಶ್ಚಿಮ ಗೋಡೆ ಪಕ್ಕ 41. ಮತ್ತೆ ಬಿಚ್ಚಿ ಹಾಸಿದ ಮೇಲಿನ ಏಪ್ರಿಲ್‌ನಲ್ಲಿ ನಡುವೆ 35, ಗೋಡೆ ಪಕ್ಕ 36. ಒಂದು ಕಡೆ ಮಾತ್ರ 39 ತೋರಿಸ್ತು, ಹತ್ತಿ ನೋಡಿದ್ರೆ ಹದಿನೇಳೂವರೆ ಇಂಚಿನ ತೊಟ್ಟಿಗೆ ಇಪ್ಪತ್ತು ಇಂಚಿನ ಪಟ್ಟಿ ಹಾಕಿಬಿಟ್ಟಿದ್ವಿ, ಉಬ್ಬಿ ಅಡಿಲಿ ಟೊಳ್ಳು. ಸೀಮೆಸುಣ್ಣದಲ್ಲಿ ಅಳತೆ ಬರೆದಿದ್ದೂ ಅದರ ಪಕ್ಕದಲ್ಲೇ ಇತ್ತು.

ಒಂದು ವಿಷಯ ಮನೆಯವರಿಗೆ ಮೊದಲೇ ಹೇಳಿಬಿಡಿ. ಉಣ್ಣೆ ಹಗಲು ಬಿಸಿ ಬರೋದನ್ನ ತಡೆದಂಗೆ ರಾತ್ರಿ ಬಿಸಿ ಮೇಲಕ್ಕೆ ಹೋಗೋದನ್ನೂ ತಡೆಯುತ್ತೆ. ಗೋಡೆ, ಅಡುಗೆಮನೆ, ಜನ ಇವರಿಂದ ಬಂದ ಕಾವು ಕಿಟಕಿಯಿಂದನೇ ಹೋಗಬೇಕು. ನಮ್ಮ ದೊಡ್ಡಪ್ಪ ಸೊಳ್ಳೆಗೆ ಹೆದರಿ ಸಂಜೆ 6ಕ್ಕೇ ಕಿಟಕಿ ಹಾಕ್ಕೊಂಡು "ರಾತ್ರಿ ಏನೂ ವ್ಯತ್ಯಾಸ ಇಲ್ಲ ಕಣಪ್ಪ" ಅಂತ ಫೋನ್ ಮಾಡ್ತಿದ್ರು. ಕಿಟಕಿಗೆ ಸೊಳ್ಳೆ ಮೆಶ್ ಹಾಕಿಸಿದ ಮೇಲೆ ಆ ಫೋನ್ ನಿಂತಿದೆ, ಈಗ ಅಡುಗೆಮನೆ ಅಟ್ಟಕ್ಕೆ ಯಾವಾಗ ಬರ್ತೀಯ ಅಂತ ಮಾಡ್ತಾರೆ.